ಚಿಕನ್ ಕರಿ: ಅಪಾಯ ಇರೋದು ತಣ್ಣಗಾಗಿಸುವಾಗ

ಚಿಕನ್ ಅಥವಾ ಮಟನ್ ಕರಿಯನ್ನು ಒಂದಕ್ಕಿಂತ ಹೆಚ್ಚು ಸಲ ಬಿಸಿ ಮಾಡಬಹುದಾ? ದೊಡ್ಡ ಪಾತ್ರೆಯಲ್ಲಿ ಮಾಡಿದ್ದನ್ನು ಬೇಗ ಆರಿಸೋದು ಹೇಗೆ?

ಒಂದೇ ಸಲ ಬಿಸಿ ಮಾಡಿ, ಅದೂ ತಿನ್ನುವಷ್ಟನ್ನೇ ತೆಗೆದುಕೊಂಡು. ಬಿಸಿ ಮಾಡೋದರಿಂದ ಕರಿ ವಿಷವಾಗುವುದಿಲ್ಲ. ಪ್ರತಿ ಸಲ ಅದು ಮತ್ತೆ ನಿಧಾನವಾಗಿ ಆರುತ್ತದಲ್ವಾ, ತೊಂದರೆ ಅಲ್ಲಿದೆ.

ಮಾಂಸದಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಕುದಿಸಿದರೆ ಅದು ಸಾಯುತ್ತದೆ, ಆದರೆ ಬೀಜದಂತಿರುವ ಅದರ ಗಟ್ಟಿ ಕಣಗಳು ಉಳಿಯುತ್ತವೆ. ಕರಿ ಉಗುರುಬೆಚ್ಚಗಾದಾಗ ಅವು ಮೊಳೆಯುತ್ತವೆ. ಸುಮಾರು 45 ಡಿಗ್ರಿಯಲ್ಲಿ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ.

ಹತ್ತು ಲೀಟರ್ ಪಾತ್ರೆಯನ್ನು ರಾತ್ರಿ ಮುಚ್ಚಿಟ್ಟಿರಿ ಅಂದುಕೊಳ್ಳಿ. ಅಂಚು ತಣ್ಣಗಾಗಿರುತ್ತದೆ. ಬೆಳಿಗ್ಗೆ ಸೌಟನ್ನು ತಳಕ್ಕೆ ಇಳಿಸಿದರೆ ನಡುವೆ ಇನ್ನೂ ಬೆಚ್ಚಗಿರುತ್ತದೆ. ಅದನ್ನು ಎಸೆಯಲೇಬೇಕು, ವಾಸನೆ ಚೆನ್ನಾಗಿದ್ದರೂ ಸರಿ. ಕೆಲವು ಬ್ಯಾಕ್ಟೀರಿಯಾಗಳು ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ.

ಇಡೀ ಪಾತ್ರೆಯನ್ನು ಫ್ರಿಜ್‌ಗೆ ತಳ್ಳಿದರೂ ಸುಮ್ನೆ, ನಡುವಿನ ಬಿಸಿ ಹೊರಬರಲು ಗಂಟೆಗಟ್ಟಲೆ ಬೇಕು. ಒಲೆ ಆರಿಸಿದ ಕೂಡಲೇ ಅಗಲವಾದ ತಟ್ಟೆಗಳಿಗೆ ಎರಡು ಇಂಚಿಗಿಂತ ಜಾಸ್ತಿ ಆಳವಾಗದಂತೆ ಸುರಿಯಿರಿ. ದೊಡ್ಡ ತುಂಡುಗಳನ್ನು ಬಿಡಿಸಿ. ತಟ್ಟೆಗಳನ್ನು ಐಸ್ ನೀರಿನಲ್ಲಿಟ್ಟು ಆಗಾಗ ಕಲಕಿ. 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು. ಆಮೇಲೆ ಒಂದೊಂದು ಊಟಕ್ಕೆ ಬೇಕಾದಷ್ಟು ಡಬ್ಬಿಗಳಿಗೆ ತುಂಬಿ ಫ್ರಿಜ್‌ನಲ್ಲಿಡಿ. ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಬಿಸಿ ಮಾಡುವಾಗ ನಡುವೆಯೂ ಗುಳ್ಳೆ ಏಳುವಂತೆ ಕುದಿಯಲಿ.