ಪ್ರಶ್ನೆಯನ್ನು ಹಿಂದಿನ ದಿನವೇ ಬರೆದಿಡಿ, ಆಮೇಲೆ ಕಾಯಿರಿ

ಸಂಪಾದಕರಿಗೆ ನಮಸ್ಕಾರ,

ನಾನು ಏಳನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತೇನೆ. ‘ಏನು’, ‘ಯಾವಾಗ’ ಎಂದು ಕೇಳುವುದನ್ನು ಬಿಟ್ಟು ‘ಯಾಕೆ’, ‘ಹೇಗೆ’ ಎಂದೇ ಕೇಳುತ್ತಿದ್ದೇನೆ. ಆದರೂ ಪುಸ್ತಕದ ಸಾಲೇ ಉತ್ತರವಾಗಿ ಬರುತ್ತದೆ, ಅದನ್ನೂ ಅದೇ ನಾಲ್ಕು ಮಕ್ಕಳು ಹೇಳುತ್ತಾರೆ. ಪ್ರಶ್ನೆ ಕೇಳಿ ಸುಮ್ಮನೆ ಕಾಯಿರಿ ಎಂದು ತರಬೇತಿಯಲ್ಲಿ ಹೇಳಿದ್ದರು. ಕಾದರೆ ತರಗತಿ ಪಿಳಿಪಿಳಿ ನೋಡುತ್ತದೆ, ನನಗೆ ಮುಜುಗರ. ಚರ್ಚೆ ಆ ಕ್ಷಣಕ್ಕೆ ಹುಟ್ಟುವಂಥದ್ದಲ್ಲವೇ? ಅದನ್ನು ಮೊದಲೇ ಯೋಜಿಸುವುದು ಹೇಗೆ?
— ಒಬ್ಬ ಶಿಕ್ಷಕಿ

ಪ್ರಿಯ ಮೇಡಂ,

ನಿಮ್ಮ ‘ಯಾಕೆ’ಗಳಿಂದಲೇ ಶುರು ಮಾಡೋಣ. ‘ತಣ್ಣೀರಿನ ಬಾಟಲಿಯ ಹೊರಮೈಯಲ್ಲಿ ಹನಿಗಳು ಯಾಕೆ ಕೂರುತ್ತವೆ?’ ಎಂಬ ಪ್ರಶ್ನೆ ನೋಡುವುದಕ್ಕೆ ಆಲೋಚನೆಯ ಪ್ರಶ್ನೆಯಂತೆಯೇ ಇದೆ. ಆದರೆ ‘ಗಾಳಿಯಲ್ಲಿರುವ ನೀರಾವಿ ಸಾಂದ್ರೀಕರಣ ಹೊಂದಿ’ ಎಂಬ ಸಾಲು ಹಿಂದಿನ ಪುಟದಲ್ಲೇ ಇದ್ದರೆ, ಓದಿಕೊಂಡು ಬಂದ ಮಗುವಿಗೆ ಅದು ನೆನಪಿನ ಪ್ರಶ್ನೆ, ಓದದ ಮಗುವಿಗೆ ಬಾಯಿ ಮುಚ್ಚಿಸುವ ಪ್ರಶ್ನೆ. ಪ್ರಶ್ನೆ ಯಾವ ಮಟ್ಟದ್ದು ಎಂಬುದನ್ನು ಅದರ ಮೊದಲ ಪದ ತೀರ್ಮಾನಿಸುವುದಿಲ್ಲ. ಉತ್ತರ ಸಿದ್ಧವಾಗಿ ಎಲ್ಲೋ ಕೂತಿದೆಯೇ, ಮಗು ಈಗ ಕಟ್ಟಬೇಕೇ ಎಂಬುದು ತೀರ್ಮಾನಿಸುತ್ತದೆ. ಆಲೋಚನೆಯ ಮಟ್ಟಗಳನ್ನು ಮೆಟ್ಟಿಲುಗಳಂತೆ ಜೋಡಿಸಿದ ಶಿಕ್ಷಣತಜ್ಞ ಬ್ಲೂಮ್ ಅವರ ಪಟ್ಟಿಯಿಂದ ‘ವಿಶ್ಲೇಷಿಸಿ’, ‘ಮೌಲ್ಯಮಾಪನ ಮಾಡಿ’ ಎಂಬ ಕ್ರಿಯಾಪದಗಳನ್ನು ಎತ್ತಿ ಪಾಠ ಯೋಜನೆಗೆ ಅಂಟಿಸುವವರು ಎಡವುವುದು ಇಲ್ಲೇ.

ಆದ್ದರಿಂದ ಯೋಜನೆಯ ಮೊದಲ ಕೆಲಸ, ಉತ್ತರ ಪುಸ್ತಕದಲ್ಲಿ ಇಲ್ಲದ, ಆದರೆ ಉತ್ತರ ಕಟ್ಟಲು ಬೇಕಾದ್ದೆಲ್ಲ ತರಗತಿಯಲ್ಲಿ ಇರುವ ಒಂದೇ ಒಂದು ಪ್ರಶ್ನೆಯನ್ನು ಬರೆಯುವುದು. ಒಂದು ಪೀರಿಯಡ್ಡಿಗೆ ಅಂಥದ್ದು ಒಂದು ಸಾಕು, ಹೆಚ್ಚೆಂದರೆ ಎರಡು. ಉಳಿದ ಪ್ರಶ್ನೆಗಳು ನೆನಪಿನವೇ ಆಗಿರಲಿ, ಅವೂ ಬೇಕು.

ಬಾಟಲಿಯ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ಫ್ರಿಜ್ಜಿನಿಂದ ತೆಗೆದ, ಮುಚ್ಚಳ ಬಿಗಿದ ನೀರಿನ ಬಾಟಲಿಯನ್ನು ಚೆನ್ನಾಗಿ ಒರೆಸಿ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಡಿ. ತೂಕವನ್ನು ಬೋರ್ಡಿನ ಮೇಲೆ ಬರೆಯಿರಿ. ಪ್ರಶ್ನೆ ಹೀಗಿರಲಿ: ‘ಸ್ವಲ್ಪ ಹೊತ್ತಿನಲ್ಲಿ ಇದರ ಮೈಮೇಲೆ ಹನಿ ಕೂರುತ್ತದೆ. ಆಗ ತಕ್ಕಡಿ ಇದಕ್ಕಿಂತ ಹೆಚ್ಚು ತೋರಿಸುತ್ತದೋ, ಕಡಿಮೆಯೋ, ಇಷ್ಟೇಯೋ? ನಿಮ್ಮ ಉತ್ತರ ಸರಿಯಾದರೆ ಆ ನೀರು ಎಲ್ಲಿಂದ ಬಂತು ಎಂದಂತಾಯಿತು?’

ಇಲ್ಲಿ ‘ಸಾಂದ್ರೀಕರಣ’ ಎಂಬ ಪದ ಬಾಯಿಪಾಠ ಇದ್ದರೂ ಅಷ್ಟರಿಂದಲೇ ಕೆಲಸವಾಗದು. ನೀರು ಒಳಗಿನಿಂದ ಜಿನುಗಿದ್ದರೆ ಒಳಗಿನದೇ ಹೊರಮೈಗೆ ಬಂದಂತೆ, ತೂಕ ಬದಲಾಗಬಾರದು. ಹೊರಗಿನ ಗಾಳಿಯಿಂದ ಬಂದಿದ್ದರೆ ಹೆಚ್ಚಬೇಕು. ಎರಡು ವಿವರಣೆಗಳು ಎರಡು ಬೇರೆ ಫಲಿತಾಂಶಗಳನ್ನು ಮುಂದಿಡುತ್ತವೆ, ತಕ್ಕಡಿ ತೀರ್ಪು ಕೊಡುತ್ತದೆ. ಬಣ್ಣದ ನೀರು ತುಂಬಿ ಹನಿ ಬಣ್ಣದ್ದೋ ಅಲ್ಲವೋ ನೋಡುವ ಪ್ರಯೋಗವನ್ನು ಬಹಳ ಮಂದಿ ಮಾಡುತ್ತಾರೆ. ಅದಕ್ಕೆ ‘ಬಣ್ಣ ಒಳಗೇ ಉಳೀತು, ನೀರು ಮಾತ್ರ ಸೋಸಿ ಬಂತು’ ಎಂದು ಚೂಟಿ ಹುಡುಗ ಒಬ್ಬ ಹೇಳಿಯೇ ಹೇಳುತ್ತಾನೆ, ಅವನ ತರ್ಕ ತಪ್ಪಲ್ಲ. ತೂಕಕ್ಕೆ ಆ ಆಕ್ಷೇಪ ತಾಗದು. (ಇದನ್ನು ಅದೇ ಕೊಠಡಿಯಲ್ಲಿ ಮೊದಲೇ ಒಮ್ಮೆ ಮಾಡಿ ನೋಡಿ. ಗಾಳಿ ತೀರಾ ಒಣಗಿದ್ದರೆ ಹನಿ ಕೂರುವುದೇ ಇಲ್ಲ. ಬರೀ ಗ್ರಾಂ ತೋರಿಸುವ ತಕ್ಕಡಿ ಸಾಲದೆ ಹೋಗಬಹುದು, 0.1 ಗ್ರಾಂ ತೋರಿಸುವುದು ಒಳ್ಳೆಯದು.)

ಎರಡನೆಯ ಕೆಲಸವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಪ್ರಶ್ನೆಯ ಕೆಳಗೆ ಮಕ್ಕಳು ಏನೇನು ಹೇಳಬಹುದು ಎಂದು ಬರೆಯಿರಿ, ಪ್ರತಿಯೊಂದರ ಪಕ್ಕ ನೀವು ಮುಂದೆ ಕೇಳುವುದನ್ನು ಬರೆಯಿರಿ. ಈ ಪ್ರಶ್ನೆಗೆ ಮೂರು ಬಗೆಯ ಉತ್ತರ ನಿರೀಕ್ಷಿಸಬಹುದು. ‘ಅಷ್ಟೇ ಇರುತ್ತೆ, ನೀರು ಒಳಗಿಂದ ತಾನೆ ಬಂದಿದ್ದು’ ಎಂದವರಿಗೆ: ‘ಹಾಗಾದರೆ ಒಳಗಿನ ನೀರಿನ ಮಟ್ಟ ಏನಾಗಬೇಕು?’ ‘ಜಾಸ್ತಿಯಾಗುತ್ತೆ, ಗಾಳಿಯಿಂದ ಬಂತು’ ಎಂದವರಿಗೆ: ‘ಗಾಳಿಯಲ್ಲಿದ್ದಾಗ ಅದು ನಮಗೆ ಯಾಕೆ ಕಾಣಲಿಲ್ಲ?’ ಮೂರನೆಯದು ‘ತಣ್ಣಗಿರೋದೇ ನೀರಾಯ್ತು ಮಿಸ್’ ಎಂಬುದು. ಕೇಳಿ ನಕ್ಕುಬಿಡುವ ಹಾಗಿದ್ದರೂ ಇದನ್ನು ನಂಬುವ ಮಕ್ಕಳು ಎಲ್ಲ ತರಗತಿಗಳಲ್ಲೂ ಇರುತ್ತಾರೆ, ತಕ್ಕಡಿಯೊಂದೇ ಅವರನ್ನು ಒಪ್ಪಿಸುವುದಿಲ್ಲ. ಅವರಿಗೆ: ‘ಇದೇ ಬಾಟಲಿ, ಇಷ್ಟೇ ತಣ್ಣಗೆ. ಆದರೂ ಕೆಲವು ದಿನ ಹನಿ ಕೂರುವುದೇ ಇಲ್ಲ. ಆ ದಿನ ಏನು ಬೇರೆ ಇದ್ದಿರಬಹುದು?’

ಈಗ ನಿಮ್ಮ ಪ್ರಶ್ನೆಗೆ ಬಂದೆ. ಚರ್ಚೆ ಆ ಕ್ಷಣಕ್ಕೇ ಹುಟ್ಟುತ್ತದೆ, ನಿಜ. ಆದರೆ ಆ ಕ್ಷಣದಲ್ಲಿ ಶಿಕ್ಷಕರ ತಲೆ ಹಾಜರಿ, ಗಲಾಟೆ, ಉಳಿದ ಪೋರ್ಷನ್, ಗಂಟೆ ಇವೆಲ್ಲದರ ನಡುವೆ ಇರುತ್ತದೆ. ಅಲ್ಲೇ ಹೊಳೆಯುವ ಪ್ರಶ್ನೆ ಬಹುತೇಕ ‘ಅದಕ್ಕೇನಂತಾರೆ?’ ಎಂಬುದೇ. ಮುಂದಿನ ಪ್ರಶ್ನೆ ಕೈಯಲ್ಲಿದ್ದರೆ ಮಗು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಲು ಬಿಡುವಾಗುತ್ತದೆ.

ಇನ್ನು ಕಾಯುವುದರ ಬಗ್ಗೆ. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ಸಂಶೋಧಕಿ ತರಗತಿಗಳ ಟೇಪುಗಳನ್ನು ಕೇಳಿ ಅಳೆದು, 1970ರ ದಶಕದಲ್ಲಿ ಪ್ರಕಟಿಸಿದ ವಿಷಯ ಇದು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ 1 ಸೆಕೆಂಡು ಕಾಯುತ್ತಿದ್ದರು. ಅಷ್ಟರಲ್ಲಿ ಉತ್ತರ ಬರದಿದ್ದರೆ ಪ್ರಶ್ನೆ ತಿರುಚುವುದೋ, ಬೇರೊಬ್ಬರನ್ನು ಎಬ್ಬಿಸುವುದೋ ಆಗುತ್ತಿತ್ತು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಹಲವು ಪಟ್ಟು ಉದ್ದವಾದವು, ‘ಗೊತ್ತಿಲ್ಲ’ಗಳು ಕಡಿಮೆಯಾದವು, ಸುಮ್ಮನೆ ಕೂರುತ್ತಿದ್ದವರು ಬಾಯಿಬಿಟ್ಟರು. ನಿಮ್ಮ ‘ಅದೇ ನಾಲ್ಕು ಮಕ್ಕಳಿ’ಗೆ ಸಂಬಂಧಿಸಿದ್ದೂ ಅದರಲ್ಲಿದೆ. ಜಾಣರೆಂದು ತಾವೇ ಗುರುತಿಸಿದ ಮಕ್ಕಳಿಗೆ ಶಿಕ್ಷಕರು ಸುಮಾರು 2 ಸೆಕೆಂಡು ಕಾದರೆ, ಹಿಂದುಳಿದವರೆಂದು ಗುರುತಿಸಿದವರಿಗೆ 1 ಸೆಕೆಂಡೂ ಪೂರ್ತಿ ಕೊಡುತ್ತಿರಲಿಲ್ಲ. ಹೆಚ್ಚು ಸಮಯ ಬೇಕಾದವರಿಗೇ ಕಡಿಮೆ ಸಮಯ ಸಿಕ್ಕಿತ್ತು.

ಇಷ್ಟಾದರೂ ‘3 ಸೆಕೆಂಡು’ ಎಂಬುದನ್ನು ಎಲ್ಲ ಪ್ರಶ್ನೆಗೂ ಹಚ್ಚಬೇಡಿ. ‘ನೀರು ಕುದಿಯುವುದು ಎಷ್ಟು ಡಿಗ್ರಿಗೆ?’ ಎಂದು ಕೇಳಿ ಕಾಯುತ್ತಾ ನಿಂತರೆ ತರಗತಿ ಬೇಸತ್ತು ಗದ್ದಲವಾಗುತ್ತದೆ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ನಿಮ್ಮ ತರಗತಿ ಪಿಳಿಪಿಳಿ ನೋಡಿದ್ದಕ್ಕೂ ಇದೇ ಕಾರಣ ಇದ್ದೀತೆಂದು ನನ್ನ ಊಹೆ. ಯೋಚಿಸಲು ಏನೂ ಇಲ್ಲದ ಪ್ರಶ್ನೆಯ ಹಿಂದಿನ ಮೌನ ಬರೀ ಮೌನ. ಬಾಟಲಿಯ ಪ್ರಶ್ನೆಗಾದರೆ 3 ಸೆಕೆಂಡು ಸಾಲುವುದೇ ಇಲ್ಲ; 10ರಿಂದ 15 ಸೆಕೆಂಡು ಸುಮ್ಮನಿರಿ, ಆಮೇಲೆ ಒಂದು ನಿಮಿಷ ನೋಟ್‌ಬುಕ್ಕಿನಲ್ಲಿ ‘ಹೆಚ್ಚು / ಕಡಿಮೆ / ಅಷ್ಟೇ, ಯಾಕೆಂದರೆ…’ ಎಂದು ಬರೆಸಿ. ಬರೆಯುವುದರಿಂದ ನಿಮ್ಮ ಮುಜುಗರವೂ ಅರ್ಧ ಇಳಿಯುತ್ತದೆ, ಎಲ್ಲರಿಗೂ ಕೈಗೆ ಕೆಲಸ ಇರುತ್ತದಲ್ಲ. ‘ಇದಕ್ಕೆ ಕೈ ಎತ್ತಬೇಡಿ, ನಾನು ಹೆಸರು ಕರೆಯುತ್ತೇನೆ’ ಎಂದು ಪ್ರಶ್ನೆಗೆ ಮುಂಚೆಯೇ ಹೇಳಿಬಿಡಿ. ಮೊದಲ ಕೈ ಮೇಲೆದ್ದ ತಕ್ಷಣ ಉಳಿದವರು ಯೋಚಿಸುವುದನ್ನು ನಿಲ್ಲಿಸುತ್ತಾರೆ.

ಆ 15 ಸೆಕೆಂಡು ನೀವೇನು ಮಾಡುತ್ತೀರಿ ಎಂಬುದನ್ನೂ ಯೋಜನೆಯಲ್ಲಿ ಬರೆಯಿರಿ, ಯಾಕೆಂದರೆ ಹಾಳಾಗುವುದು ಅಲ್ಲೇ. ಮೌನ ತಡೆಯಲಾರದೆ ಶಿಕ್ಷಕರು ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತಾರೆ: ‘ಅಂದರೆ, ನೀರು ಗಾಳಿಯಿಂದ ಬಂದರೆ ತೂಕ ಏನಾಗಬೇಕು?’ ಸಹಾಯ ಮಾಡಿದೆ ಎಂದುಕೊಳ್ಳುತ್ತಾರೆ. ಮಗು ಮೊದಲ ಪ್ರಶ್ನೆಯನ್ನು ಅರ್ಧ ದಾರಿಗೆ ಬಿಟ್ಟು ಎರಡನೆಯದನ್ನು ಹಿಡಿಯಬೇಕಾಯಿತು, ಅದರೊಳಗೆ ಉತ್ತರವೂ ಸೇರಿಹೋಯಿತು. ಅದಕ್ಕೇ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಒಮ್ಮೆ ಓದಿ, ತಕ್ಕಡಿಯನ್ನು ನೋಡುತ್ತಾ ಮನಸ್ಸಿನಲ್ಲಿ ಎಣಿಸಿ. ಮೌನ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ಮಕ್ಕಳ ಕಣ್ಣಲ್ಲಿ ತಿಳಿಯುತ್ತದೆ. ಬೋರ್ಡು, ಬಾಟಲಿ, ನೋಟ್‌ಬುಕ್ಕಿನ ಮೇಲಿದ್ದರೆ ಇನ್ನೂ ಕಾಯಬಹುದು. ಎಲ್ಲ ಕಣ್ಣುಗಳೂ ನಿಮ್ಮ ಮುಖದ ಮೇಲೇ ಇದ್ದರೆ ಪ್ರಶ್ನೆ ಅರ್ಥವಾಗಿಲ್ಲ. ‘ನಾನು ಕೇಳಿದ್ದೇನು, ಯಾರಾದರೂ ನಿಮ್ಮ ಮಾತಲ್ಲಿ ಹೇಳಿ’ ಎನ್ನಿ.

ಎರಡನೆಯ ಕಾಯುವಿಕೆ ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೆ ಬರುತ್ತದೆ. ಚರ್ಚೆಗೆ ಮೊದಲನೆಯದಕ್ಕಿಂತ ಇದೇ ಮುಖ್ಯ ಎಂದು ನನ್ನ ಅಭಿಪ್ರಾಯ, ಕಷ್ಟವೂ ಇದೇ. ಮಗು ‘ಅಷ್ಟೇ ಇರುತ್ತೆ ಮಿಸ್’ ಎನ್ನುತ್ತದೆ. ನಾಲಿಗೆ ತುದಿಯಲ್ಲಿ ‘ಸರಿ, ಬೇರೆ ಯಾರು?’ ಸಿದ್ಧವಿರುತ್ತದೆ. ಅದನ್ನು ತಡೆದು 3 ಸೆಕೆಂಡು ನಿಂತರೆ ಅದೇ ಮಗು ಮುಂದುವರಿಸುತ್ತದೆ: ‘ಯಾಕಂದ್ರೆ ಮುಚ್ಚಳ ಹಾಕಿದೆಯಲ್ಲ… ಅಯ್ಯೋ, ಮುಚ್ಚಳ ಹಾಕಿದ್ರೆ ಹೊರಗೆ ಹೇಗೆ ಬಂತು?’ ಈ ಎರಡನೆಯ ವಾಕ್ಯಕ್ಕಾಗಿಯೇ ಇಷ್ಟೆಲ್ಲ ಏರ್ಪಾಡು. ಶಿಕ್ಷಕರ ‘ವೆರಿ ಗುಡ್’ ಅದನ್ನು ಹುಟ್ಟುವ ಮೊದಲೇ ಮುಗಿಸಿಬಿಡುತ್ತಿತ್ತು: ಹೊಗಳಿಕೆ ಬಿತ್ತೆಂದರೆ ಉತ್ತರ ಸಿಕ್ಕಿತು, ಆಟ ಮುಗಿಯಿತು ಎಂದು ತರಗತಿಗೆ ಚೆನ್ನಾಗಿ ಗೊತ್ತು. ಮಗು ಹೇಳಿದ್ದನ್ನು ನೀವು ಗಟ್ಟಿಯಾಗಿ ಮರುನುಡಿಯುವ ಅಭ್ಯಾಸವೂ ಹೀಗೆಯೇ, ಪಕ್ಕದವರ ಮಾತು ಕೇಳಿಸಿಕೊಳ್ಳುವ ಅಗತ್ಯವೇ ಉಳಿಯುವುದಿಲ್ಲ. ಬದಲಿಗೆ ‘ಇದನ್ನು ಒಪ್ಪದವರು ಯಾರು?’ ಎಂದು ಕೇಳಿ, ಮತ್ತೆ ಸುಮ್ಮನಾಗಿ.

ಹಾಗಂತ ತಪ್ಪು ಉತ್ತರವನ್ನು ಗಂಟೆ ಹೊಡೆಯುವವರೆಗೂ ತೂಗುಹಾಕಿಡಬೇಡಿ. ತಕ್ಕಡಿ ನೋಡಿ, ತೂಕ ಏರಿದ್ದನ್ನು ಬರೆದು, ನೀರು ಗಾಳಿಯಿಂದ ಬಂತು ಎಂದು ಸ್ಪಷ್ಟವಾಗಿ ಹೇಳಲು ಕೊನೆಯ ಐದಾರು ನಿಮಿಷ ಎತ್ತಿಡಿ. ‘ಸಾಂದ್ರೀಕರಣ’ ಎಂಬ ಹೆಸರನ್ನು ಅಲ್ಲಿ ಕೊಟ್ಟರೆ ಸಾಕು. ಇದಕ್ಕೆಲ್ಲ ಇಡೀ ಪೀರಿಯಡ್ಡಿನ ಅರ್ಧ ಹೋಗುತ್ತದೆ, ಪೋರ್ಷನ್ ಒತ್ತಡ ಇರುವಾಗ ವಾರಕ್ಕೊಮ್ಮೆ ಇಂಥ ಪಾಠ ಸಾಧ್ಯವಾದರೆ ಅದೇ ದೊಡ್ಡದು. ಮಕ್ಕಳಿಗೂ ಹೊಸತು, ಮೊದಲ ಸಲ ನೀವು ಸುಮ್ಮನಾದಾಗ ಮಿಸ್‌ಗೆ ಸಿಟ್ಟು ಬಂದಿದೆ ಎಂದುಕೊಂಡಾರು, ಯೋಚಿಸಲು ಸಮಯ ಕೊಡುತ್ತಿದ್ದೇನೆ ಎಂದು ಮುಂಚೆಯೇ ಹೇಳಿಬಿಡಿ.

ಸರಿಯಾಗುತ್ತಿದೆಯೇ ಎಂದು ತಿಳಿಯಲು ಆ ಚರ್ಚೆಯ ಹತ್ತು ನಿಮಿಷವನ್ನು ನಿಮ್ಮ ಉಪಯೋಗಕ್ಕಷ್ಟೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಮನೆಯಲ್ಲಿ ಕೇಳುವಾಗ ಎರಡೇ ಸಂಗತಿ ಗುರುತು ಹಾಕಿಕೊಳ್ಳಿ. ಒಂದು, ನಿಮ್ಮ ಪ್ರಶ್ನೆ ಮುಗಿದು ಮುಂದಿನ ದನಿ ಬರುವವರೆಗಿನ ಸೆಕೆಂಡುಗಳು, ಮತ್ತು ಆ ದನಿ ನಿಮ್ಮದೋ ಮಗುವಿನದೋ. ಕಾದೆ ಅನ್ನಿಸಿದ್ದಕ್ಕೂ ಗಡಿಯಾರ ತೋರಿಸುವುದಕ್ಕೂ ಬಹಳ ಅಂತರ ಇರುತ್ತದೆ. ಇನ್ನೊಂದು, ನೀವು ಮಧ್ಯೆ ಬಾಯಿ ಹಾಕದೆ ಎಷ್ಟು ಮಕ್ಕಳು ಒಬ್ಬರ ಹಿಂದೊಬ್ಬರು ಮಾತಾಡಿದರು. ಶುರುವಿನಲ್ಲಿ ಅದು ಪ್ರತಿ ಸಲ ಒಂದೇ ಇರುತ್ತದೆ: ಮಗು, ಮಿಸ್, ಮಗು, ಮಿಸ್. ಒಮ್ಮೆಯಾದರೂ ಎರಡಾದರೆ, ಆ ಜಾಗದಲ್ಲಿ ನೀವು ಏನು ಕೇಳಿದ್ದಿರಿ ಎಂದು ನೋಡಿ ಮುಂದಿನ ಪಾಠಕ್ಕೆ ಅದೇ ಬಗೆಯ ಪ್ರಶ್ನೆ ಬರೆಯಿರಿ.

— ಸಂಪಾದಕ