ತೆಗೆದ ಹಂಡೆ ವಾಪಸ್ ಬೇಕಂತೆ: ಫೋಟೊಶಾಪ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ಮಲೆನಾಡಿನ ಒಂದು ಹೋಮ್‌ಸ್ಟೇಗೆ ಫೋಟೊ ಮಾಡಿಕೊಟ್ಟೆ. ಜಗಲಿಯಲ್ಲಿದ್ದ ತಾಮ್ರದ ಹಂಡೆ, ಪ್ಲಾಸ್ಟಿಕ್ ಕುರ್ಚಿ ಎರಡನ್ನೂ ತೆಗೆಸಿದ್ದರು. ಈಗ ಹಂಡೆ ಮಾತ್ರ ವಾಪಸ್ ಬೇಕು, ಫೋಟೊ ಸ್ವಲ್ಪ ಬೆಚ್ಚಗೆ ಕಾಣಬೇಕು ಅಂತಿದ್ದಾರೆ. ನಾನು ಸ್ಮಾರ್ಟ್ ಆಬ್ಜೆಕ್ಟ್‌ನಲ್ಲೇ ಕೆಲಸ ಮಾಡಿದ್ದೆ. ಕ್ಯಾಮೆರಾ ರಾದಲ್ಲಿ ಬಣ್ಣ ಬೆಚ್ಚಗೆ ಮಾಡಿದೆ, ಹಂಡೆಯ ತೇಪೆ ಆಫ್ ಮಾಡಿದೆ. ಹಂಡೆ ಬಂತು. ಆದರೆ ನೆಲದಲ್ಲಿ ಅದರ ಪ್ರತಿಬಿಂಬ ಮಧ್ಯದಲ್ಲಿ ತುಂಡಾಗಿದೆ. ಕುರ್ಚಿ ಇದ್ದ ಕಡೆ ಗೋಡೆಯ ಬಣ್ಣವೇ ಬೇರೆ. ಎಲ್ಲಿ ತಪ್ಪಾಯ್ತು?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ಎಲ್ಲದರ ಹಿಂದೆಯೂ ಒಂದೇ ತಪ್ಪು ನಂಬಿಕೆ ಇರುತ್ತದೆ: ಸ್ಮಾರ್ಟ್ ಆಬ್ಜೆಕ್ಟ್ ಮಾಡಿಬಿಟ್ಟರೆ ಎಲ್ಲವೂ ಸುರಕ್ಷಿತ ಅನ್ನುವುದು. ಸ್ಮಾರ್ಟ್ ಆಬ್ಜೆಕ್ಟ್ ಕಾಯುವುದು ತನ್ನೊಳಗೆ ಇರುವುದನ್ನು ಮಾತ್ರ. ಅದರ ಮೇಲೆ ನೀವು ಬೇರೆ ಲೇಯರ್‌ನಲ್ಲಿ ಹಾಕಿದ ತೇಪೆ ಬರೀ ಪಿಕ್ಸೆಲ್. ಕೆಳಗೆ ಏನು ಬದಲಾದರೂ ಅದಕ್ಕೆ ಗೊತ್ತಾಗುವುದಿಲ್ಲ.

ನಿಮ್ಮ ಗೋಡೆಗೆ ಆಗಿರುವುದು ಇದೇ. ತೇಪೆ ಹಾಕಿದಾಗ ಗೋಡೆ ಹಳೆಯ ವೈಟ್ ಬ್ಯಾಲೆನ್ಸ್‌ನಲ್ಲಿತ್ತು. ಕ್ಲೋನ್ ಸ್ಟ್ಯಾಂಪ್ ಆ ಬಣ್ಣವನ್ನೇ ಎತ್ತಿಕೊಂಡಿತು. ನಂತರ ನೀವು ರಾ ಫೈಲ್ ತೆರೆದು ಬಣ್ಣ ಬೆಚ್ಚಗೆ ಮಾಡಿದಿರಿ. ಗೋಡೆ ಬದಲಾಯ್ತು, ತೇಪೆ ಹಾಗೇ ಉಳಿಯಿತು.

ಮೊದಲು ಇದನ್ನು ಸರಿಮಾಡಿ. ಹಿಂದೆ ಕಳಿಸಿದ ಪಿಎಸ್‌ಡಿಯ ಪ್ರತಿ ಇದ್ದರೆ ಅದರಲ್ಲಿ ರಾ ಲೇಯರ್ ಮೇಲೆ ಡಬಲ್ ಕ್ಲಿಕ್ ಮಾಡಿ, `Temperature` ಮತ್ತು `Tint` ಸಂಖ್ಯೆ ಬರೆದುಕೊಳ್ಳಿ. ಅದನ್ನೇ ಈಗಿನ ಫೈಲ್‌ಗೂ ಕೊಡಿ. ಪ್ರತಿ ಇಲ್ಲವಾದರೆ ತೇಪೆಯೇ ಸಾಕ್ಷಿ. ಸಂಖ್ಯೆಯನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ `OK` ಒತ್ತಿ ನೋಡುತ್ತಾ ಹೋಗಿ. ತೇಪೆಯ ಅಂಚು ಗೋಡೆಯಲ್ಲಿ ಕರಗಿಹೋದಾಗ ಹಳೆಯ ಬಣ್ಣ ಸಿಕ್ಕಿದೆ ಎಂದರ್ಥ.

ಆಮೇಲೆ ರಾ ಲೇಯರ್ ಮತ್ತು ಎಲ್ಲ ತೇಪೆಗಳನ್ನು ಒಟ್ಟಿಗೆ ಆರಿಸಿ `Convert to Smart Object` ಕೊಡಿ. ಈಗ ಒಳಗೊಂದು, ಹೊರಗೊಂದು ಎರಡು ಸ್ಮಾರ್ಟ್ ಆಬ್ಜೆಕ್ಟ್ ಆದವು. ಕ್ಲೈಂಟ್ ಕೇಳಿದ ಬೆಚ್ಚಗಿನ ಬಣ್ಣವನ್ನು ಹೊರಗಿನದ್ದರ ಮೇಲೆ `Camera Raw Filter` ಆಗಿ ಹಾಕಿ. ಗೋಡೆ, ತೇಪೆ, ಹಂಡೆ ಎಲ್ಲವೂ ಒಟ್ಟಿಗೆ ಬೆಚ್ಚಗಾಗುತ್ತವೆ. ಕಂಬ ಓರೆಯಾಗಿದ್ದರೆ ನೇರ ಮಾಡುವುದು, ಲೆನ್ಸ್‌ನ ಬಾಗು ತೆಗೆಯುವುದು ಕೂಡ ಹೊರಗೇ ಆಗಬೇಕು. ಒಳಗಿನ ರಾ ಲೇಯರನ್ನು ಒಂದಿಷ್ಟು ಬಾಗಿಸಿದರೂ ತೇಪೆ ಜಾಗ ತಪ್ಪುತ್ತದೆ.

ಇದಕ್ಕೊಂದು ಮಿತಿ ಇದೆ. ಹೊರಗಿನ ಫಿಲ್ಟರ್‌ಗೆ ರಾ ಫೈಲ್‌ನ ಪೂರ್ತಿ ಮಾಹಿತಿ ಸಿಗುವುದಿಲ್ಲ. ಸುಟ್ಟುಹೋದ ಆಕಾಶವನ್ನು ಅಲ್ಲಿಂದ ವಾಪಸ್ ತರಲು ಆಗದು. ಅದಕ್ಕೇ ಮೊದಲ ತೇಪೆ ಹಾಕುವ ಮುಂಚೆಯೇ ರಾದಲ್ಲಿ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮುಗಿಸಬೇಕು, 16 ಬಿಟ್‌ನಲ್ಲೇ ತೆರೆಯಬೇಕು. ಆಮೇಲೆ ಆ ಲೇಯರ್‌ಗೆ ಬೀಗ ಹಾಕಿಬಿಡಿ.

ಈಗ ತುಂಡಾದ ಪ್ರತಿಬಿಂಬ. ರೆಡ್ ಆಕ್ಸೈಡ್ ನೆಲ ಅಲ್ವಾ, ಹೊಳಪು ಜಾಸ್ತಿ. ಹಂಡೆಯ ಪ್ರತಿಬಿಂಬದ ಮುಂದೆ ಕುರ್ಚಿಯ ಕಾಲು ನಿಂತಿತ್ತು. ಕಾಲು ಮರೆಮಾಡಿದ್ದ ಪಟ್ಟಿಯಲ್ಲಿ ಪ್ರತಿಬಿಂಬ ಹೇಗಿತ್ತು ಎಂದು ಕ್ಯಾಮೆರಾ ನೋಡಿಯೇ ಇಲ್ಲ. ಹೇಗೂ ಎರಡೂ ಹೋಗಬೇಕಲ್ಲ ಎಂದು ನೀವು ಆ ಪಟ್ಟಿಗೆ ಖಾಲಿ ಕೆಂಪು ನೆಲ ತುಂಬಿದಿರಿ. ಆಗ ಚೆನ್ನಾಗೇ ಕಂಡಿತು. ಈಗ ಹಂಡೆ ಬಂದಿದೆ, ಅದರ ಪ್ರತಿಬಿಂಬದ ನಡುವೆ ಖಾಲಿ ನೆಲದ ಪಟ್ಟಿ ಉಳಿದಿದೆ.

ಇದನ್ನು ತಪ್ಪಿಸುವುದು ಲೇಯರ್‌ಗಳ ಕ್ರಮದಲ್ಲಿದೆ. ಯಾವ ವಸ್ತು ವಾಪಸ್ ಬರುವ ಸಾಧ್ಯತೆ ಕಡಿಮೆಯೋ ಅದನ್ನು ಮೊದಲು ತೆಗೆಯಿರಿ. ಹೋಮ್‌ಸ್ಟೇ ಮಾಲೀಕರು ಪ್ಲಾಸ್ಟಿಕ್ ಕುರ್ಚಿಯನ್ನು ವಾಪಸ್ ಕೇಳುವುದಿಲ್ಲ, ಅಜ್ಜಿ ಕಾಲದ ಹಂಡೆಯನ್ನು ಕೇಳಿಯೇ ಕೇಳುತ್ತಾರೆ. ಹಾಗಾಗಿ ಕುರ್ಚಿ ಮೊದಲು. ಅದನ್ನು ತೆಗೆಯುವಾಗ ಹಂಡೆ ಅಲ್ಲೇ ಇರುತ್ತದೆ ಎಂದುಕೊಂಡೇ ತೆಗೆಯಿರಿ. ಕಾಲಿನ ಹಿಂದೆ ಪ್ರತಿಬಿಂಬ ಮುಂದುವರಿಯುವಂತೆ ತುಂಬಿ. ಕುರ್ಚಿ ಇಲ್ಲದ, ಹಂಡೆ ಇರುವ ಚಿತ್ರ ಪೂರ್ತಿ ಒಪ್ಪುವಂತೆ ಆದ ಮೇಲೆ ಅದರ ಮೇಲಿನ ಗುಂಪಿನಲ್ಲಿ ಹಂಡೆ ತೆಗೆಯಿರಿ. ನೀವು ಮತ್ತೆ ಬರೆದ ಆ ಪಟ್ಟಿಯನ್ನೂ ಹಂಡೆಯ ತೇಪೆ ಮುಚ್ಚುತ್ತದೆ. ನಾಳೆ ಹಂಡೆ ಬೇಕೆಂದರೆ ಮೇಲಿನ ಗುಂಪಿನ ಕಣ್ಣು ಮುಚ್ಚಿದರೆ ಸಾಕು.

ನಿಮ್ಮ ಫೈಲ್‌ನಲ್ಲಿ ಈಗಲೂ ಇದನ್ನು ಮಾಡಬಹುದು. ಹೊರಗಿನ ಸ್ಮಾರ್ಟ್ ಆಬ್ಜೆಕ್ಟ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಒಳಗಿನದ್ದು ಪಿಎಸ್‌ಬಿ ಫೈಲ್ ಆಗಿ ತೆರೆಯುತ್ತದೆ. ಹಂಡೆಯ ಗುಂಪು ಆಫ್ ಮಾಡಿ. ಕುರ್ಚಿಯ ಗುಂಪಿಗಿಂತ ಮೇಲೆ, ಹಂಡೆಯ ಗುಂಪಿಗಿಂತ ಕೆಳಗೆ ಒಂದು ಖಾಲಿ ಲೇಯರ್ ಇಡಿ. ಕ್ಲೋನ್ ಸ್ಟ್ಯಾಂಪ್‌ನ `Sample` ಅನ್ನು `Current & Below` ಮಾಡಿ, ಪಟ್ಟಿಯ ಎರಡು ಪಕ್ಕದಿಂದಲೂ ಪ್ರತಿಬಿಂಬವನ್ನು ಒಳಗೆ ಎಳೆಯಿರಿ. ಕುರ್ಚಿ ಕಾಲು ಸಣ್ಣದು, ಇಷ್ಟು ಸಾಕಾಗುತ್ತದೆ. ಮುಗಿದ ಮೇಲೆ `Ctrl+S` ಒತ್ತಿ ಮುಚ್ಚಿ. `Save As` ಕೊಟ್ಟು ಬೇರೆ ಕಡೆ ಉಳಿಸಿದರೆ ಹೊರಗಿನ ಫೈಲ್‌ಗೆ ಬದಲಾವಣೆ ತಲುಪುವುದಿಲ್ಲ. ಒಳಗೆ ಕ್ರಾಪ್ ಕೂಡ ಮಾಡಬೇಡಿ, ಹೊರಗಿನ ಚಿತ್ರ ಜಾಗ ಬಿಟ್ಟು ಹೋಗುತ್ತದೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಹಂಡೆ ಎಂದರೆ ಹಂಡೆ ಮಾತ್ರ ಅಲ್ಲ. ನೆಲದ ಮೇಲಿನ ನೆರಳು ಇದೆ, ಪ್ರತಿಬಿಂಬ ಇದೆ, ಸುಣ್ಣದ ಗೋಡೆಯ ಮೇಲೆ ತಾಮ್ರದ ಕೆಂಪು ಛಾಯೆ ಇದೆ. ಹಂಡೆ ತೆಗೆದಾಗ ಇವೆಲ್ಲವೂ ಹೋಗಬೇಕು, ವಾಪಸ್ ಬಂದಾಗ ಎಲ್ಲವೂ ಒಟ್ಟಿಗೆ ಬರಬೇಕು. ಇವುಗಳ ತೇಪೆಗಳನ್ನು ಬೇರೆ ಬೇರೆ ಲೇಯರ್‌ನಲ್ಲಿ ಹಾಕಿ, ಒಂದೇ ಗುಂಪಿನಲ್ಲಿ ಇಡಿ. ಕೆಂಪು ಛಾಯೆಗೆ ಕ್ಲೋನ್ ಬೇಡ. `Color` ಮೋಡ್‌ನ ಖಾಲಿ ಲೇಯರ್‌ನಲ್ಲಿ ಪಕ್ಕದ ಗೋಡೆಯ ಬಣ್ಣ ಎತ್ತಿ ಮೆತ್ತಗಿನ ಬ್ರಶ್‌ನಿಂದ ಬಳಿಯಿರಿ. ಸುಣ್ಣದ ಒರಟುತನ ಹಾಗೇ ಉಳಿಯುತ್ತದೆ. ಈ ಲೇಯರ್ ಗುಂಪಿನಿಂದ ಹೊರಗೆ ಉಳಿದರೆ ಹಂಡೆ ಬರುತ್ತದೆ, ಗೋಡೆಯ ಛಾಯೆ ಬರುವುದಿಲ್ಲ. ಆಗ ನಿಜವಾದ ಹಂಡೆಯೇ ಅಂಟಿಸಿದ ಹಾಗೆ ಕಾಣುತ್ತದೆ.

ಮಾಲೀಕರು ಅಪರೂಪಕ್ಕೆ ಕುರ್ಚಿಯನ್ನು ಮಾತ್ರ ವಾಪಸ್ ಕೇಳಿದರೆ? ಕುರ್ಚಿಯ ಗುಂಪು ಆಫ್ ಮಾಡಿದರೂ ಮೇಲಿರುವ ಹಂಡೆಯ ತೇಪೆ ಕುರ್ಚಿಯ ಕಾಲನ್ನು ಮುಚ್ಚಿರುತ್ತದೆ. ಅದಕ್ಕಾಗಿ ಕುರ್ಚಿ ತೆಗೆಯುವ ಮೊದಲೇ ಅದರ ಆಕಾರವನ್ನು ಸೆಲೆಕ್ಟ್ ಮಾಡಿ `Save Selection` ಕೊಟ್ಟಿರಿ. ಬೇಕಾದ ದಿನ ಅದೇ ಆಕಾರವನ್ನು ಹಂಡೆ ಗುಂಪಿನ ಮಾಸ್ಕ್‌ನಲ್ಲಿ ಕಪ್ಪು ಮಾಡಿದರೆ ಕಾಲು ಹೊರಗೆ ಬರುತ್ತದೆ.

ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಇದನ್ನು ಮಾಡದೆ ನಾನು ಯಾವ ಫೈಲನ್ನೂ ಮುಚ್ಚುವುದಿಲ್ಲ. ಒಳಗಿನ ಫೈಲ್‌ನಲ್ಲಿ ಎಲ್ಲ ತೇಪೆ ಆಫ್ ಮಾಡಿ, ಧೂಳಿನ ಚುಕ್ಕಿ ತೆಗೆದ ಲೇಯರ್ ಕೂಡ. ರಾ ಲೇಯರನ್ನು `Ctrl+J` ಮಾಡಿ, ಆ ನಕಲನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಮೋಡ್ `Difference` ಮಾಡಿ. ಪರದೆ ಪೂರ್ತಿ ಕಪ್ಪಾಗಬೇಕು. ಎಲ್ಲಾದರೂ ಬೂದು ಕಲೆ ಕಂಡರೆ ಯಾವುದೋ ತೇಪೆ ತಪ್ಪಾದ ಲೇಯರ್‌ನಲ್ಲಿ ಕೂತಿದೆ. ಮಧ್ಯದಲ್ಲಿ ಎಲ್ಲೋ `Ctrl+Alt+Shift+E` ಒತ್ತಿ ಎಲ್ಲವನ್ನೂ ಒಂದು ಲೇಯರ್ ಮಾಡಿಕೊಂಡು ಮುಂದಿನ ಕೆಲಸ ಅದರ ಮೇಲೆ ನಡೆಸಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಆ ಲೇಯರ್ ಇದ್ದರೆ ಕೆಳಗೆ ಹಂಡೆ ಆನ್ ಆದರೂ ಮೇಲೆ ಕಾಣುವುದಿಲ್ಲ. ಸ್ಕಿನ್ ರಿಟಚಿಂಗ್ ವಿಡಿಯೊಗಳಲ್ಲಿ ಇದನ್ನೇ ದೊಡ್ಡ ಗುಟ್ಟು ಎಂದು ಹೇಳಿಕೊಡುತ್ತಾರೆ. ವಾಪಸ್ ಕೊಡಬೇಕಾದ ಕೆಲಸಕ್ಕೆ ಅದು ವಿಷ.

ಪರೀಕ್ಷೆ ಮುಗಿದ ಮೇಲೆ ಆ ನಕಲನ್ನು ಅಳಿಸಿ, ಒಳಗಿನ ಫೈಲ್‌ನಲ್ಲೇ `Layer Comps` ಮಾಡಿಡಿ: ಎರಡೂ ಇಲ್ಲ, ಹಂಡೆ ಮಾತ್ರ, ಎರಡೂ ಇವೆ. ಹೊರಗಿನ ಸ್ಮಾರ್ಟ್ ಆಬ್ಜೆಕ್ಟ್ ಆರಿಸಿ `Properties` ನೋಡಿದರೆ ಇವು ಪಟ್ಟಿಯಾಗಿ ಸಿಗುತ್ತವೆ. ಒಳಗೆ ಹೋಗದೆಯೇ ಬದಲಿಸಬಹುದು, ಮಾಲೀಕರು ಪಕ್ಕದಲ್ಲೇ ಕೂತಿದ್ದರೂ ಸರಿ.

ಹಂಡೆಯನ್ನು ಎರಡು ಅಡಿ ಎಡಕ್ಕೆ ಇಟ್ಟುಕೊಡಿ ಎಂದರೆ ಅದು ವಾಪಸ್ ಕೊಡುವ ಕೆಲಸವಲ್ಲ. ನೆರಳು, ಪ್ರತಿಬಿಂಬ, ಗೋಡೆಯ ಛಾಯೆ ಎಲ್ಲ ಹೊಸದಾಗಿ ಕಟ್ಟಬೇಕು. ಹೊಸ ದರ ಹೇಳಿ.

ಮುಂದಿನ ಸಲ ಟ್ರೈಪಾಡ್ ಎತ್ತುವ ಮುಂಚೆ ಕುರ್ಚಿಯನ್ನು ಕೈಯಿಂದಲೇ ಸರಿಸಿ, ಅದೇ ಎಕ್ಸ್‌ಪೋಶರ್‌ನಲ್ಲಿ ಇನ್ನೊಂದು ಫ್ರೇಮ್ ತೆಗೆಯಿರಿ. ಕಾಲಿನ ಹಿಂದಿನ ನೆಲ ಆಗ ನಿಜವಾಗಿಯೇ ನಿಮ್ಮ ಬಳಿ ಇರುತ್ತದೆ.

ಪ್ರಶ್ನೆ: ರಾ ಫೈಲ್ ಇಟ್ಟುಕೊಂಡಿದ್ದೀನಲ್ಲ ಸರ್, ಪಿಎಸ್‌ಡಿ ಯಾಕೆ ಬೇಕು?

ಉತ್ತರ: ಹಂಡೆ ವಾಪಸ್ ಕೊಡಲು ಕುರ್ಚಿಯನ್ನು ಮತ್ತೆ ಮೊದಲಿಂದ ತೆಗೆಯುವ ಆಸೆ ಇದ್ದರೆ ಬೇಡ.

ಪ್ರಶ್ನೆ: ಜೆಪೆಗ್‌ನಿಂದ ಲೇಯರ್ ವಾಪಸ್ ತರುವ ಆ್ಯಕ್ಷನ್ ಪ್ಯಾಕ್ ಅಂತ ಒಬ್ಬರು ಮಾರ್ತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಬೇಡ. ಜೆಪೆಗ್‌ನಲ್ಲಿ ಲೇಯರ್ ಇರುವುದೇ ಇಲ್ಲ, ಇಲ್ಲದ್ದನ್ನು ಯಾವ ಆ್ಯಕ್ಷನ್ನೂ ತರಲಾರದು. ಮಾರುವವರು ನಿಮ್ಮ ದುಡ್ಡಿಗೆ ಮೋಸ ಮಾಡುತ್ತಿದ್ದಾರೆ.

ಪ್ರಶ್ನೆ: ಫೈಲ್ ಸೈಜ್ ಸಿಕ್ಕಾಪಟ್ಟೆ ಆಗ್ತಿದೆ. ಸ್ಮಾರ್ಟ್ ಆಬ್ಜೆಕ್ಟನ್ನ ಲಿಂಕ್ ಮಾಡಿ ಇಟ್ಟರೆ ಆಗಲ್ವಾ?

ಉತ್ತರ: ಸೈಜ್ ಆಗಿಯೇ ಆಗುತ್ತದೆ. 24 ಮೆಗಾಪಿಕ್ಸೆಲ್ ಚಿತ್ರದ ಒಂದು ತುಂಬಿದ ಲೇಯರ್ 16 ಬಿಟ್‌ನಲ್ಲಿ ಸುಮಾರು 144 ಎಂಬಿ, ಕಂಪ್ರೆಸ್ ಆಗುವ ಮುಂಚೆ. ಲಿಂಕ್ ಮಾಡಿದರೆ ಮುಖ್ಯ ಫೈಲ್ ಹಗುರ ಆಗುತ್ತದೆ ನಿಜ. ಆದರೆ ಆರು ತಿಂಗಳ ನಂತರ ಫೋಲ್ಡರ್ ಹೆಸರು ಬದಲಾಗಿ, ಹಾರ್ಡ್ ಡಿಸ್ಕ್ ಬದಲಾಗಿ, ಲಿಂಕ್ ಕಳೆದುಹೋದರೆ ಹಂಡೆಯೂ ಹೋಯಿತು. ಒಬ್ಬರೇ ಕೆಲಸ ಮಾಡುವವರು ಎಂಬೆಡ್ ಮಾಡಿಯೇ ಇಡಿ. ಈಗಾಗಲೇ ಲಿಂಕ್ ಮಾಡಿದ್ದರೆ `File > Package` ಕೊಟ್ಟು ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ತನ್ನಿ. ಪಿಎಸ್‌ಡಿ 2 ಜಿಬಿ ದಾಟಿದರೆ ಉಳಿಯುವುದಿಲ್ಲ, ಪಿಎಸ್‌ಬಿ ಆಗಿ ಉಳಿಸಿ. ಜಾಗ ಉಳಿಸಲು ತೇಪೆಗಳನ್ನು ಮಾತ್ರ ಮರ್ಜ್ ಮಾಡಬೇಡಿ, ಹಾರ್ಡ್ ಡಿಸ್ಕ್ ಕೊಳ್ಳಿ.