ಮಾತು ಮುಗಿಸಿ ಹೊರಡುವುದು ಹೇಗೆ?

"ನೆಟ್‌ವರ್ಕಿಂಗ್ ಕಾರ್ಯಕ್ರಮದಲ್ಲಿ ಒಬ್ಬರ ಜೊತೆ ಸಿಕ್ಕಿಹಾಕಿಕೊಂಡೆ. ಅವರಿಗೆ ಅಲ್ಲಿ ಬೇರೆ ಯಾರೂ ಗೊತ್ತಿರಲಿಲ್ಲ, ಬಿಟ್ಟು ಹೊರಡೋದು ಹೇಗೆ?"

ಇಂಥವರನ್ನು ಜೊತೆಗೇ ಕರೆದುಕೊಂಡು ಹೊರಡಿ. "ಇನ್ನೂ ಒಂದಿಬ್ಬರನ್ನ ಮಾತಾಡಿಸಬೇಕು, ನೀವೂ ಬನ್ನಿ" ಅಂದರೆ ಸಾಕು. ಮೂರ್ನಾಲ್ಕು ಜನ ನಡುವೆ ಜಾಗ ಬಿಟ್ಟು ನಿಂತಿರುವ ಗುಂಪು ನೋಡಿ. ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿರುವ ಇಬ್ಬರ ಮಧ್ಯೆ ನುಗ್ಗಬೇಡಿ.

ಪರಿಚಯಿಸುವಾಗ ಬರೀ ಹೆಸರು ಹೇಳಿದರೆ ಮಾತು ಅಲ್ಲೇ ನಿಲ್ಲುತ್ತದೆ. "ಇವರು ಗೋದಾಮಿನ ಲೆಕ್ಕಕ್ಕೆ ಸಾಫ್ಟ್‌ವೇರ್ ಮಾಡ್ತಾರೆ. ನೀವೆಲ್ಲ ಸ್ಟಾಕ್ ಹೇಗೆ ನೋಡ್ಕೋತೀರಾ?" ಅಂತ ಕೇಳಿ. ಯಾರಾದರೂ ಉತ್ತರಿಸಿ, ಇವರು ಮರುಪ್ರಶ್ನೆ ಹಾಕಿದರೆ ಮಾತು ಹತ್ತಿತು ಅಂತ ಅರ್ಥ. ಆಗ "ನೀವು ಮಾತಾಡ್ತಿರಿ, ಬರ್ತೀನಿ" ಅಂತ ಹೊರಡಿ. ಅದಕ್ಕಿಂತ ಮುಂಚೆ ಜಾರಿಕೊಂಡರೆ ಅವರು ಮತ್ತೆ ಒಂಟಿ.

ಅಂಥ ಗುಂಪು ಸಿಗದಿದ್ದರೆ, ಅವರ ಮಾತಿನ ನಡುವೆ ಅಲ್ಲ, ನಿಮ್ಮ ಮಾತು ಮುಗಿದ ಕೂಡಲೇ ಬೀಳ್ಕೊಳ್ಳಿ: "ಬಾರ್‌ಕೋಡ್ ವಿಷಯ ನಮ್ಮ ಟೀಮಿಗೆ ಹೇಳ್ತೀನಿ. ಸಿಕ್ಕಿದ್ದು ಸಂತೋಷ." ಹೇಳಿದ ಮೇಲೆ ಕಾಲು ಕದಲಿಸಿ. ಅಲ್ಲೇ ನಿಂತರೆ ಹೊಸ ವಿಷಯ ಶುರುವಾಗುತ್ತದೆ!

ಫೋನ್ ಬಂತು ಅನ್ನೋ ಸುಳ್ಳು ಮಾತ್ರ ಬೇಡ. ಅದೇ ಹಾಲ್‌ನಲ್ಲಿ ಮತ್ತೆ ಎದುರಾಗ್ತೀರಲ್ವಾ?